ಲೀಡಿಂಗ್ ಮೈನರ್ 2, 0, 0 ಬಂದರೆ ಏನಂತ ಬರೀಬೇಕು? ಎರಡು ಬಿಂದುಗಳಲ್ಲೂ ಅದೇ ಬರ್ತಿದೆ, ಉತ್ತರ ಮಾತ್ರ ಬೇರೆ

ಬೆಸಸಂಖ್ಯೆ

ಒಂದು ಲೆಕ್ಕ ತಲೆ ತಿಂತಾ ಇದೆ. ಫಂಕ್ಷನ್ ಇದು:

f(x, y, z) = x² + y² + 2xy + 2xz + 2yz + z⁴

ಕ್ರಿಟಿಕಲ್ ಪಾಯಿಂಟ್ ಹುಡುಕಿ, ಪ್ರತಿಯೊಂದೂ ಕನಿಷ್ಠವೋ, ಗರಿಷ್ಠವೋ, ಸ್ಯಾಡಲ್ಲೋ ಹೇಳಬೇಕು. x ಮತ್ತು y ಎರಡರ ಡಿರೈವೇಟಿವ್‌ನಿಂದಲೂ ಸಿಗೋದು ಒಂದೇ ಸಮೀಕರಣ, x + y + z = 0. z ಕಡೆಯಿಂದ 2x + 2y + 4z³ = 0. ಸೇರಿಸಿದರೆ 4z³ = 2z. ಅಂದರೆ z = 0, ಇಲ್ಲಾಂದ್ರೆ z = ±1/√2. ಇಲ್ಲಿವರೆಗೆ ತೊಂದರೆ ಇಲ್ಲ.

ಹೆಸ್ಸಿಯನ್ ಹೀಗೆ ಬಂತು:

```
2   2   2
2   2   2
2   2   12z²
```

z = 0 ಆದಾಗ ಮೂಲೆಯಲ್ಲಿ 0, z = 1/√2 ಆದಾಗ 6. ಲೀಡಿಂಗ್ ಮೈನರ್‌ಗಳು ಎರಡು ಕಡೆಯೂ 2, 0, 0.

ನನ್ನ ನೋಟ್ಸ್‌ನಲ್ಲಿರೋದು ಇಷ್ಟು: ಲೀಡಿಂಗ್ ಮೈನರ್‌ಗಳೆಲ್ಲ > 0 ಇದ್ದರೆ ಪಾಸಿಟಿವ್ ಡೆಫಿನೆಟ್, ಎಲ್ಲ ≥ 0 ಇದ್ದರೆ ಪಾಸಿಟಿವ್ ಸೆಮಿಡೆಫಿನೆಟ್. ಹಾಗಾದರೆ ಎರಡು ಬಿಂದುಗಳಿಗೂ ಒಂದೇ ಉತ್ತರ ಇರಬೇಕಲ್ಲ? ಆದರೆ ಕೊಟ್ಟಿರುವ ಉತ್ತರದಲ್ಲಿ (0, 0, 0) ಸ್ಯಾಡಲ್, (−1/√2, 0, 1/√2) ಕನಿಷ್ಠ ಅಂತಿದೆ. ಉತ್ತರ ತಪ್ಪಾ, ನೋಟ್ಸ್ ತಪ್ಪಾ?

ತರ್ಲೆತಮ್ಮ

ಉತ್ತರ ಕೊಟ್ಟವರು ನಾಣ್ಯ ಚಿಮ್ಮಿರಬೇಕು 😀

ಅರ್ಧಚಂದ್ರ

ಡಿಟರ್ಮಿನೆಂಟ್ ಸೊನ್ನೆ ಬಂತು ಅಂದ್ರೆ ಟೆಸ್ಟ್ ಫೇಲ್. ಅಷ್ಟೇ. ಎರಡಕ್ಕೂ «ಹೇಳಲಾಗದು» ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋಗಿ. ಎಲ್ಲ ಪಾಸಿಟಿವ್ ಆದರೆ ಕನಿಷ್ಠ, ಎಲ್ಲ ನೆಗೆಟಿವ್ ಆದರೆ ಗರಿಷ್ಠ, ಮಿಶ್ರ ಇದ್ದರೆ ಸ್ಯಾಡಲ್, ಸೊನ್ನೆ ಬಂದರೆ ಗೊತ್ತಿಲ್ಲ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ.

ಹಳೇಮೇಷ್ಟ್ರು

ಅರ್ಧಚಂದ್ರ ಅವರೇ, ನಾಲ್ಕು ಮಾತಿನಲ್ಲಿ ಮೂರು ಎಡವಟ್ಟು. ಅದಕ್ಕೆ ಆಮೇಲೆ ಬರ್ತೀನಿ.

ಬೆಸಸಂಖ್ಯೆ, ಉತ್ತರ ಸರಿಯಾಗೇ ಇದೆ. ನಿಮ್ಮ ನೋಟ್ಸ್‌ನ ಮೊದಲ ಸಾಲೂ ಸರಿ. ಎರಡನೇ ಸಾಲು ತಪ್ಪು. ಅದು ಎಷ್ಟು ನೋಟ್ಸ್‌ಗಳಲ್ಲಿ ಓಡಾಡ್ತಿದೆಯೋ ದೇವರೇ ಬಲ್ಲ. > ತೆಗೆದು ≥ ಹಾಕಿದರೆ ಆಯ್ತು ಅಂತ ಎಲ್ಲರಿಗೂ ಅನಿಸುತ್ತೆ, ಆದರೆ ಆಗಲ್ಲ.

ಮೂಲಬಿಂದುವಿನಿಂದ (h, k, l) ಅಷ್ಟು ಸರಿದರೆ f ಎಷ್ಟು ಬದಲಾಗುತ್ತೆ? ಮೊದಲ ಡಿರೈವೇಟಿವ್‌ಗಳೆಲ್ಲ ಸೊನ್ನೆ. ಆದ್ದರಿಂದ ಮುಖ್ಯ ಭಾಗ ಹೆಸ್ಸಿಯನ್‌ನಿಂದ ಬರುವ ಕ್ವಾಡ್ರಾಟಿಕ್ ಫಾರ್ಮಿನ ಅರ್ಧ. ಇಲ್ಲಿ ಅದು h² + k² + 2hk + 2hl + 2kl. ಇದನ್ನು ವರ್ಗ ಪೂರ್ಣ ಮಾಡಿ ನೋಡಿ:

(h + k + l)² − l²

ಒಂದು ವರ್ಗ ಕೂಡಿಸಿದೆ, ಇನ್ನೊಂದು ಕಳೆದಿದೆ. (1, 0, −1) ದಿಕ್ಕಿನಲ್ಲಿ ಹೋದರೆ ಬೆಲೆ −1, (1, 0, 0) ದಿಕ್ಕಿನಲ್ಲಿ ಹೋದರೆ +1. ಒಂದು ಕಡೆ ಇಳಿಯುತ್ತೆ, ಇನ್ನೊಂದು ಕಡೆ ಏರುತ್ತೆ. ಸ್ಯಾಡಲ್ ಅಂದ್ರೆ ಅದೇ ತಾನೆ? z⁴ ಸೇರಿಸಿಕೊಂಡೇ ಪರೀಕ್ಷೆ ಮಾಡಿ: f(0.1, 0, −0.1) = 0.01 − 0.02 + 0.0001 = −0.0099. ಮೂಲಬಿಂದುವಿನಲ್ಲಿ f = 0.

ಈಗ ಎರಡನೇ ಬಿಂದು. ಅಲ್ಲಿ ಅದೇ ಅರ್ಧ ಮಾಡಿದ ರೂಪ h² + k² + 2hk + 2hl + 2kl + 3l², ಅಂದರೆ

(h + k + l)² + 2l²

ಎರಡೂ ಕೂಡಿಸಿದ ವರ್ಗಗಳೇ, ಎಲ್ಲೂ ನೆಗೆಟಿವ್ ಆಗಲ್ಲ. ಇದು ನಿಜವಾಗಿ ಪಾಸಿಟಿವ್ ಸೆಮಿಡೆಫಿನೆಟ್. ಮೈನರ್‌ಗಳು ಮಾತ್ರ ಎರಡು ಕಡೆಯೂ 2, 0, 0.

ಬೆಸಸಂಖ್ಯೆ

ವರ್ಗ ಪೂರ್ಣ ಮಾಡಿದ್ದು ಅರ್ಥ ಆಯ್ತು ಮೇಷ್ಟ್ರೇ. ಆದರೆ > ಇದ್ದಾಗ ಸರಿಯಾಗಿ ಕೆಲಸ ಮಾಡೋ ಟೆಸ್ಟು ≥ ಅಂದ ತಕ್ಷಣ ಯಾಕೆ ಸುಳ್ಳು ಹೇಳುತ್ತೆ? ಅದು ಹೊಳೀತಿಲ್ಲ.

ಕರ್ಣರೇಖೆ

ನಿಮ್ಮ ಮ್ಯಾಟ್ರಿಕ್ಸ್‌ನಲ್ಲಿ ಮೊದಲ ಎರಡು ಸಾಲು ಒಂದೇ. ಹಾಗಾಗಿ ಬಲಗಡೆ ಕೆಳಮೂಲೆಯಲ್ಲಿ ಏನು ಬರೆದರೂ ಡಿಟರ್ಮಿನೆಂಟ್ ಸೊನ್ನೆಯೇ. 6ರ ಬದಲು −1000 ಬರೆಯಿರಿ, ಆಗಲೂ 2, 0, 0. −1000 ಇರುವ ಮ್ಯಾಟ್ರಿಕ್ಸ್ ಸೆಮಿಡೆಫಿನೆಟ್ ಆಗೋಕೆ ಸಾಧ್ಯವೇ ಇಲ್ಲ, ಬರೀ z ದಿಕ್ಕಿನಲ್ಲಿ ನಡೆದರೂ ನೆಗೆಟಿವ್ ಬಂದುಬಿಡುತ್ತೆ.

ಬೆಸಸಂಖ್ಯೆ

ಓಹೋ! −1000 ಹಾಕಿ ನೋಡಿದೆ. ಹೌದು, ಮೈನರ್‌ಗಳು ಕದಲೋದೇ ಇಲ್ಲ.

ಹಳೇಮೇಷ್ಟ್ರು

ಕರ್ಣರೇಖೆ ಹೇಳಿದ್ದೇ ಇದರ ಜೀವಾಳ. ಕಾರಣವನ್ನೂ ಸ್ವಲ್ಪ ಬಿಡಿಸಿ ಹೇಳ್ತೀನಿ.

ವರ್ಗ ಪೂರ್ಣ ಮಾಡ್ತಾ ಹೋದಾಗ ಪ್ರತಿ ವರ್ಗದ ಮುಂದೆ ಒಂದು ಸಂಖ್ಯೆ ಉಳಿಯುತ್ತಲ್ಲ, ಆ ಸಂಖ್ಯೆಗಳು ಎಲ್ಲಿಂದಲೋ ಉದುರಿದ್ದಲ್ಲ. ಮೊದಲನೆಯದು D₁, ಎರಡನೆಯದು D₂/D₁, ಮೂರನೆಯದು D₃/D₂. ಸೊನ್ನೆ ಅಡ್ಡ ಬರದ ಒಂದು ಉದಾಹರಣೆ ತಗೊಳ್ಳಿ:

2x² + 2y² + 2z² − 2xy − 2yz

ಇದರ ಮ್ಯಾಟ್ರಿಕ್ಸ್‌ನ ಲೀಡಿಂಗ್ ಮೈನರ್‌ಗಳು 2, 3, 4. ವರ್ಗ ಪೂರ್ಣ ಮಾಡಿದರೆ

2(x − y/2)² + (3/2)(y − 2z/3)² + (4/3)z²

ಮುಂದಿರೋ ಸಂಖ್ಯೆಗಳು 2, 3/2, 4/3, ಪಕ್ಕಪಕ್ಕದ ಮೈನರ್‌ಗಳ ಭಾಗಲಬ್ಧವೇ. ಮೈನರ್‌ಗಳೆಲ್ಲ ಪಾಸಿಟಿವ್ ಆದರೆ ಭಾಗಲಬ್ಧಗಳೂ ಪಾಸಿಟಿವ್, ರೂಪವೂ ಪಾಸಿಟಿವ್. ಸಿಲ್ವೆಸ್ಟರ್ ಹೆಸರಿನಲ್ಲಿ ಕರೆಯೋ ಟೆಸ್ಟಿನ ಗುಟ್ಟು ಇಷ್ಟೇ.

ನಿಮ್ಮ ಲೆಕ್ಕದಲ್ಲಿ D₂ = 0. ಮೂರನೇ ವರ್ಗದ ಸಂಖ್ಯೆ ಬೇಕಾದರೆ 0/0 ಮಾಡಬೇಕು. ಅದು −2 ಆಗಿರಬಹುದು, +4 ಆಗಿರಬಹುದು, −1002 ಕೂಡ ಆಗಿರಬಹುದು (ಕರ್ಣರೇಖೆಯ −1000 ಹಾಕಿದರೆ ಅದೇ). ಮಧ್ಯದಲ್ಲಿ ಸೊನ್ನೆ ಬಂದ ಮೇಲೆ ಮುಂದಿನ ಲೀಡಿಂಗ್ ಮೈನರ್‌ಗಳಿಗೆ ಆ ಮಾಹಿತಿ ಇರಲೇಬೇಕೆಂದಿಲ್ಲ.

ಅರ್ಧಚಂದ್ರ

ಅದನ್ನೇ ನಾನೂ ಹೇಳಿದ್ದು! ಸೊನ್ನೆ ಬಂದರೆ ಗೊತ್ತಿಲ್ಲ. ನೀವು ಎರಡು ಪುಟ ಬರೆದು ಅಲ್ಲಿಗೇ ಬಂದ್ರಿ.

ಹಳೇಮೇಷ್ಟ್ರು

ಇಲ್ಲಪ್ಪ, ಬರಲಿಲ್ಲ. «ಲೀಡಿಂಗ್ ಮೈನರ್‌ನಿಂದ ಗೊತ್ತಾಗಲ್ಲ» ಅನ್ನೋದಕ್ಕೂ «ಹೆಸ್ಸಿಯನ್‌ನಿಂದ ಗೊತ್ತಾಗಲ್ಲ» ಅನ್ನೋದಕ್ಕೂ ವ್ಯತ್ಯಾಸ ಇದೆ. ಮೂಲಬಿಂದುವಿನಲ್ಲಿ ಹೆಸ್ಸಿಯನ್‌ಗೆ ಎಲ್ಲ ಗೊತ್ತಿದೆ. ಅದು ಇನ್‌ಡೆಫಿನೆಟ್, ಆದ್ದರಿಂದ ಖಂಡಿತ ಸ್ಯಾಡಲ್, z⁴ ಏನೇ ಮಾಡಲಿ. ಅಲ್ಲಿ «ಹೇಳಲಾಗದು» ಅಂತ ಬರೆದರೆ ಅಂಕ ಹೋಗುತ್ತೆ, ಹೋಗಲೂಬೇಕು.

ಇನ್ನು «ಎಲ್ಲ ನೆಗೆಟಿವ್ ಆದರೆ ಗರಿಷ್ಠ». −x² − y² ತಗೊಳ್ಳಿ, ಕಣ್ಣಿಗೇ ಕಾಣುವ ಗರಿಷ್ಠ. ಅದರ ಹೆಸ್ಸಿಯನ್ ಮೈನರ್‌ಗಳು −2, +4. ಎರಡನೆಯದು ಪಾಸಿಟಿವ್. ನೆಗೆಟಿವ್ ಡೆಫಿನೆಟ್‌ಗೆ ಚಿಹ್ನೆಗಳು −, +, −, + ಅಂತ ಅದಲುಬದಲಾಗಬೇಕು, ಮೈನಸ್‌ನಿಂದ ಶುರುವಾಗಿ. ಎರಡು ಸಾಲಿನ ಡಿಟರ್ಮಿನೆಂಟ್‌ನಲ್ಲಿ ಪ್ರತಿ ಪದಕ್ಕೂ ಎರಡೆರಡು ಮೈನಸ್ ಬಿದ್ದು ಪ್ಲಸ್ ಆಗುತ್ತೆ, ಮೂರು ಸಾಲಿನದರಲ್ಲಿ ಮತ್ತೆ ಮೈನಸ್. ನಿಮ್ಮ ನಿಯಮದ ಪ್ರಕಾರ −x² − y² «ಮಿಶ್ರ», ಅಂದರೆ ಸ್ಯಾಡಲ್!

ಅರ್ಧಚಂದ್ರ

ಎರಡು ವೇರಿಯಬಲ್‌ಗೆ rt − s² > 0, r < 0 ಅಂತ ನೆನಪಿಟ್ಟುಕೊಂಡರೆ ಸಾಕು. ಮೂರು ವೇರಿಯಬಲ್ ಪ್ರಶ್ನೆ ಯಾರು ಕೇಳ್ತಾರೆ.

ಬೆಸಸಂಖ್ಯೆ

ನಾನು ಕೇಳ್ತಾ ಇದ್ದೀನಲ್ಲ ಸಾರ್ 🙂

ತರ್ಲೆತಮ್ಮ

😂😂

ಇಳಿಜಾರು

ನಾನೂ ಇದೇ ಥರದ್ದು ಒಂದು ಕೇಳಬೇಕಿತ್ತು. x² + 4xy + y² ಪಾಸಿಟಿವ್ ಡೆಫಿನೆಟ್ಟಾ? ನಾನು ಮ್ಯಾಟ್ರಿಕ್ಸ್ ಹೀಗೆ ಬರೆದೆ:

```
1  4
0  1
```

ಮೈನರ್ 1, 1. ಎರಡೂ ಪಾಸಿಟಿವ್, ಸೊನ್ನೆ ಎಲ್ಲೂ ಇಲ್ಲ. ಆದರೂ x = 1, y = −1 ಹಾಕಿದರೆ 1 − 4 + 1 = −2 ಬರ್ತಿದೆ. ಹಾಗಾದರೆ > ಇರೋ ಟೆಸ್ಟೂ ಸುಳ್ಳು ಹೇಳುತ್ತಾ?

ಕರ್ಣರೇಖೆ

ಟೆಸ್ಟು ಸಿಮೆಟ್ರಿಕ್ ಮ್ಯಾಟ್ರಿಕ್ಸ್‌ಗೆ ಮಾತ್ರ. 4xy ಅನ್ನು ಎರಡು ಕಡೆ ಸಮನಾಗಿ ಹಂಚಿ, 2 ಇಲ್ಲಿ, 2 ಅಲ್ಲಿ. ಆಗ ಮೈನರ್ 1, −3. ಇನ್‌ಡೆಫಿನೆಟ್. ನೀವು ಬರೆದ ಮ್ಯಾಟ್ರಿಕ್ಸೂ ಅದೇ ರೂಪವನ್ನೇ ಕೊಡುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅದರ ಮೈನರ್‌ಗೂ ವರ್ಗ ಪೂರ್ಣ ಮಾಡೋದಕ್ಕೂ ಸಂಬಂಧ ಇಲ್ಲ.

ಇಳಿಜಾರು

ಆದರೆ ಹೆಸ್ಸಿಯನ್‌ನಲ್ಲಿ ನಾವು ಅರ್ಧ ಮಾಡೋದಿಲ್ವಲ್ಲ? fxy = 4, ಅದನ್ನೇ ನೇರ ಬರೀತೀವಿ.

ಕರ್ಣರೇಖೆ

ಹೌದು, ಅದರ ಜೊತೆಗೇ fxx = 2 ಆಗಿಬಿಟ್ಟಿರುತ್ತಲ್ಲ. ಹೆಸ್ಸಿಯನ್‌ನಲ್ಲಿ ಕರ್ಣದಲ್ಲಿ 2, 2, ಪಕ್ಕದಲ್ಲಿ 4, 4. ಪೂರ್ತಿ ಮ್ಯಾಟ್ರಿಕ್ಸೇ ದುಪ್ಪಟ್ಟಾಗಿದೆ. ಮೈನರ್ 2, −12, ಚಿಹ್ನೆ ಅದೇ. ಕರ್ಣವನ್ನು ರೂಪದಿಂದ ತಗೊಂಡು ಪಕ್ಕದ ಸಂಖ್ಯೆಯನ್ನು ಹೆಸ್ಸಿಯನ್‌ನಿಂದ ತಗೊಂಡು ಕಲಸಿದರೆ ಮಾತ್ರ ಅಪಾಯ. x² + xy + y² ಅನ್ನು ಹಾಗೆ ಮಾಡಿ ನೋಡಿ: 1, 1, 1, 1 ಬಂದು ಡಿಟರ್ಮಿನೆಂಟ್ 0 ಆಗುತ್ತೆ. ಸರಿಯಾದ ಮ್ಯಾಟ್ರಿಕ್ಸ್‌ನಲ್ಲಿ ಅದು 3/4.

ಪೈತಾನ್‌ಪಂಡಿತ

ಇಷ್ಟೆಲ್ಲ ಯಾಕೆ? ಐಗನ್‌ವ್ಯಾಲ್ಯೂ ನೋಡಿ ಮುಗಿಸಿ.

```
import numpy as np
A = np.array([[2,2,2],[2,2,2],[2,2,0]])
B = np.array([[2,2,2],[2,2,2],[2,2,6]])
print(np.linalg.eigvalsh(A))
print(np.linalg.eigvalsh(B))
```

A ಗೆ ಸುಮಾರು −1.464, 0, 5.464. B ಗೆ 0, 2, 8. ಮೊದಲನೆಯದು ಸ್ಯಾಡಲ್, ಎರಡನೆಯದು ಸೆಮಿಡೆಫಿನೆಟ್. ಡಿಟರ್ಮಿನೆಂಟ್ ಹಿಡ್ಕೊಂಡು ಕೂರೋ ಕಾಲ ಹೋಯ್ತು ಗುರು.

ಹಳೇಮೇಷ್ಟ್ರು

ಆ «0» ತೆರೆಯ ಮೇಲೆ ನಿಜಕ್ಕೂ 0 ಅಂತಲೇ ಬರುತ್ತಾ?

ಪೈತಾನ್‌ಪಂಡಿತ

e-16 ಥರದ್ದೇನೋ ಬರುತ್ತೆ, ಒಮ್ಮೊಮ್ಮೆ ಮೈನಸ್ ಚಿಹ್ನೆ ಜೊತೆ. ಅದನ್ನ ಸೊನ್ನೆ ಅಂತಲೇ ತಗೋಬೇಕು.

ಹಳೇಮೇಷ್ಟ್ರು

ಯಾರು ಹೇಳಿದ್ರು ತಗೋಬೇಕು ಅಂತ? ಇಲ್ಲಿ ಉತ್ತರ ಮೊದಲೇ ಗೊತ್ತಿರೋದರಿಂದ ತಗೊಂಡ್ರಿ. ಸೊನ್ನೆಯ ಅಂಚಿನಲ್ಲಿ ನಿಂತಾಗ ಯಂತ್ರದ ಉತ್ತರದಿಂದ ಚಿಹ್ನೆ ನಿರ್ಧಾರ ಮಾಡೋಕೆ ಆಗಲ್ಲ. B ಯ ಆ ಸೊನ್ನೆ ಜಾಗದಲ್ಲಿ −2e-16 ಬಂತು, «ನೆಗೆಟಿವ್ ಇದೆ, ಆದ್ದರಿಂದ ಸ್ಯಾಡಲ್» ಅಂತ ಒಬ್ಬ ಹುಡುಗ ಬರೆದರೆ ಏನು ಹೇಳ್ತೀರಿ? ಕೈಲೆಕ್ಕದಲ್ಲಿ ಸೊನ್ನೆ ಅಂದ್ರೆ ಸೊನ್ನೆ.

ಕೈಯಲ್ಲೇ ಮಾಡೋಕೆ ಒಂದು ದಾರಿ ಇದೆ. ಬರೀ ಎಡಮೇಲ್ಮೂಲೆಯ ಮೈನರ್‌ಗಳಲ್ಲ, ಕರ್ಣಕ್ಕೆ ಸಮನಾಗಿ ಕೂರುವ ಎಲ್ಲ ಮೈನರ್‌ಗಳನ್ನೂ ನೋಡಬೇಕು. ಅಂದರೆ ಒಂದೇ ನಂಬರಿನ ಸಾಲು ಮತ್ತು ಕಂಬ ಆರಿಸಿಕೊಂಡದ್ದು. ಅವೆಲ್ಲ ≥ 0 ಇದ್ದರೆ, ಆಗ ಮಾತ್ರ, ಪಾಸಿಟಿವ್ ಸೆಮಿಡೆಫಿನೆಟ್. ಮೂರು ವೇರಿಯಬಲ್‌ಗೆ ಒಟ್ಟು 7. ನಿಮ್ಮ ಮೂಲಬಿಂದುವಿನಲ್ಲಿ 1 ಮತ್ತು 3ನೇ ಸಾಲು-ಕಂಬ ತಗೊಳ್ಳಿ: 2·0 − 2·2 = −4. ಸಿಕ್ಕಿಬಿತ್ತು. ಎರಡನೇ ಬಿಂದುವಿನಲ್ಲಿ ಅದೇ ಜಾಗ 2·6 − 4 = 8, ಉಳಿದವೂ 0 ಅಥವಾ ಅದಕ್ಕಿಂತ ಹೆಚ್ಚು.

ಪೈತಾನ್‌ಪಂಡಿತ

ಮೂರಕ್ಕೆ 7, ಸರಿ. ಹತ್ತು ವೇರಿಯಬಲ್ ಆದ್ರೆ 1023 ಡಿಟರ್ಮಿನೆಂಟ್. ಮಾಡಿ ನೋಡಣ.

ಕರ್ಣರೇಖೆ

ಒಂದೊಂದಾಗಿ ನೋಡೋ ಅಗತ್ಯ ಇಲ್ಲ. ಒಂದೇ ಅಳತೆಯ ಮೈನರ್‌ಗಳ ಮೊತ್ತ ನೋಡಿದರೆ ಸಾಕು. ಆ ಮೊತ್ತಗಳು ಕ್ಯಾರೆಕ್ಟರಿಸ್ಟಿಕ್ ಪಾಲಿನಾಮಿಯಲ್‌ನ ಕೋಎಫಿಶಿಯೆಂಟ್‌ಗಳೇ (ಚಿಹ್ನೆ ಒಂದು ಬಿಟ್ಟು ಒಂದು ಬದಲಾಗುತ್ತೆ ಅಷ್ಟೆ). ಮೂಲಬಿಂದುವಿನಲ್ಲಿ:

λ³ − 4λ² − 8λ = 0

ಎರಡನೇ ಬಿಂದುವಿನಲ್ಲಿ:

λ³ − 10λ² + 16λ = 0

ಎರಡನೆಯದರಲ್ಲಿ ಚಿಹ್ನೆ +, −, + ಅಂತ ಬದಲಾಗುತ್ತಾ ಹೋಗಿದೆ. λ ಗೆ ಯಾವುದೇ ನೆಗೆಟಿವ್ ಬೆಲೆ ಹಾಕಿದರೂ ಮೂರೂ ಪದ ನೆಗೆಟಿವ್ ಆಗುತ್ತೆ, ಮೊತ್ತ ಸೊನ್ನೆ ಆಗೋಕೆ ಸಾಧ್ಯ ಇಲ್ಲ. ಸಿಮೆಟ್ರಿಕ್ ಆದ್ದರಿಂದ ಐಗನ್‌ವ್ಯಾಲ್ಯೂಗಳೆಲ್ಲ ರಿಯಲ್. ಹಾಗಾಗಿ ನೆಗೆಟಿವ್ ಐಗನ್‌ವ್ಯಾಲ್ಯೂ ಇಲ್ಲವೇ ಇಲ್ಲ. ಮೊದಲನೆಯದರಲ್ಲಿ −8 ಬಂದಿದೆ, ಎರಡರ ಅಳತೆಯ ಮೈನರ್‌ಗಳ ಮೊತ್ತ ನೆಗೆಟಿವ್, ಆಟ ಮುಗೀತು. ಮೂಲ ಹುಡುಕದೆ, ದಶಮಾಂಶ ಮುಟ್ಟದೆ.

ಪೈತಾನ್‌ಪಂಡಿತ

ಇದು ಚೆನ್ನಾಗಿದೆ, ಒಪ್ಪಿದೆ. ದೊಡ್ಡ ಮ್ಯಾಟ್ರಿಕ್ಸ್‌ಗೆ ಮಾತ್ರ ನಾನು ಚೊಲೆಸ್ಕಿನೇ ಓಡಿಸೋದು. `np.linalg.cholesky` ಎರರ್ ಕೊಡದೆ ಮುಗಿದರೆ ಪಾಸಿಟಿವ್ ಡೆಫಿನೆಟ್, `LinAlgError` ಬಂದರೆ ಅಲ್ಲ. ಮೇಷ್ಟ್ರು ಹೇಳಿದ ವರ್ಗ ಪೂರ್ಣ ಮಾಡೋ ಕೆಲಸವನ್ನೇ ಅದು ಮಾಡೋದು. ಒಂದೇ ಎಚ್ಚರಿಕೆ: ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಹೌದೋ ಅಲ್ಲವೋ ಅದು ನೋಡೋದೇ ಇಲ್ಲ, ಕೆಳಗಿನ ಅರ್ಧ ಮಾತ್ರ ಓದುತ್ತೆ. ಇಳಿಜಾರು ಬರೆದ 1, 4, 0, 1 ಕೊಟ್ಟರೆ 4 ಅದರ ಕಣ್ಣಿಗೇ ಬೀಳಲ್ಲ, «ಪಾಸಿಟಿವ್ ಡೆಫಿನೆಟ್» ಅಂತ ಸುಮ್ಮನೆ ಪಾಸ್ ಮಾಡಿಬಿಡುತ್ತೆ.

ಹಳೇಮೇಷ್ಟ್ರು

ಒಳ್ಳೇ ಮಾಹಿತಿ. ಆದರೆ ಕೈಲೆಕ್ಕದ ಪ್ರಕಾರ ಬೆಸಸಂಖ್ಯೆಯ A, B ಎರಡಕ್ಕೂ ಅದು ಎರರ್ರೇ ಕೊಡಬೇಕು. B ಸೊನ್ನೆಯ ಅಂಚಿನಲ್ಲಿರೋದರಿಂದ ಯಂತ್ರದಲ್ಲಿ ಎರರ್ ಇಲ್ಲದೆ ಪಾಸ್ ಆಗಿಬಿಡಲೂಬಹುದು. ಎರರ್ ಬಂದರೂ ಡೆಫಿನೆಟ್ ಅಲ್ಲ ಅನ್ನೋದಷ್ಟೇ ಅದಕ್ಕೆ ಗೊತ್ತು, ಇನ್‌ಡೆಫಿನೆಟ್ಟೋ ಸೆಮಿಡೆಫಿನೆಟ್ಟೋ ಹೇಳಲ್ಲ.

ಲಾಭನಷ್ಟ

ನಾನು ಅರ್ಥಶಾಸ್ತ್ರದವಳು. ನಮಗೆ ಇದರ ಉಲ್ಟಾ ಹೇಳಿಕೊಟ್ಟಿದ್ದಾರೆ. ಡಿಟರ್ಮಿನೆಂಟ್ ಪಾಸಿಟಿವ್ ಬಂದರೆ ಗರಿಷ್ಠ, ನೆಗೆಟಿವ್ ಬಂದರೆ ಕನಿಷ್ಠ. x + y = 10 ಇರುವಾಗ xy ಗರಿಷ್ಠ ಮಾಡೋ ಲೆಕ್ಕದಲ್ಲಿ ಡಿಟರ್ಮಿನೆಂಟ್ 2 ಬಂತು, ಉತ್ತರ ಗರಿಷ್ಠ, x = y = 5. ಇಲ್ಲಿ ಎಲ್ಲರೂ ಪಾಸಿಟಿವ್ ಅಂದ್ರೆ ಕನಿಷ್ಠ ಅಂತಿದ್ದೀರಿ. ಯಾವುದು ಸರಿ?

ಕರ್ಣರೇಖೆ

ಎರಡೂ ಸರಿ, ಏಕೆಂದರೆ ಮ್ಯಾಟ್ರಿಕ್ಸೇ ಬೇರೆ. ನಿಮ್ಮದು ಬಾರ್ಡರ್ಡ್ ಹೆಸ್ಸಿಯನ್, ಅಂಚಿನಲ್ಲಿ ನಿರ್ಬಂಧದ 0, 1, 1 ಸೇರಿಸಿರ್ತೀರಿ. ಅಲ್ಲಿ ಕೇಳೋದು ಎಲ್ಲ ದಿಕ್ಕಿನ ಬಗ್ಗೆ ಅಲ್ಲ, x + y = 10 ಗೆರೆಯ ಮೇಲಿನ ದಿಕ್ಕಿನ ಬಗ್ಗೆ ಮಾತ್ರ. ನಿರ್ಬಂಧ ಇಲ್ಲದಿದ್ದರೆ xy ಯ ಹೆಸ್ಸಿಯನ್ 0, 1, 1, 0, ಡಿಟರ್ಮಿನೆಂಟ್ −1, ಇನ್‌ಡೆಫಿನೆಟ್. ಗೆರೆಯ ಮೇಲೆ ಅದು x(10 − x), ತಲೆಕೆಳಗಾದ ಪ್ಯಾರಾಬೋಲ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಬೇಡಿ. ಮೂರು ವೇರಿಯಬಲ್ ಆದರೆ ನಿಮ್ಮ «ಪಾಸಿಟಿವ್ ಅಂದ್ರೆ ಗರಿಷ್ಠ» ನಿಯಮವೂ ಹಾಗೇ ನಿಲ್ಲಲ್ಲ.

ಲಾಭನಷ್ಟ

ಓಕೆ. ಹಾಗಾದರೆ xy ನಲ್ಲಿ ಮೊದಲ ಮೈನರ್ 0 ಇದೆಯಲ್ಲ, ಅದು «ಗೊತ್ತಿಲ್ಲ» ಕೇಸ್ ಅಲ್ವಾ?

ಹಳೇಮೇಷ್ಟ್ರು

ಅಲ್ಲಮ್ಮ. ಇದು ಅರ್ಧಚಂದ್ರ ಅವರಿಗೆ ಕೊಡಬೇಕಾಗಿದ್ದ ಮೂರನೇ ಉತ್ತರ. ಮಧ್ಯದಲ್ಲಿ ಸೊನ್ನೆ ಬಂದರೆ ಹೆದರಬೇಕಿಲ್ಲ, ಕೊನೆಯ ಡಿಟರ್ಮಿನೆಂಟ್ ನೋಡಿ. ಅದು ಸೊನ್ನೆ ಅಲ್ಲದಿದ್ದರೆ ಐಗನ್‌ವ್ಯಾಲ್ಯೂಗಳಲ್ಲಿ ಒಂದೂ ಸೊನ್ನೆ ಇಲ್ಲ. ಆಗ ಮೂರೇ ಸಾಧ್ಯತೆ: ಪಾಸಿಟಿವ್ ಡೆಫಿನೆಟ್, ನೆಗೆಟಿವ್ ಡೆಫಿನೆಟ್, ಇಲ್ಲಾ ಇನ್‌ಡೆಫಿನೆಟ್. ಮಧ್ಯದ ಸೊನ್ನೆ ಮೊದಲ ಎರಡನ್ನೂ ಹೊರಗೆ ಹಾಕುತ್ತೆ. ಉಳಿದದ್ದು ಸ್ಯಾಡಲ್, ಅನುಮಾನವೇ ಇಲ್ಲ.

ಕಷ್ಟ ಇರೋದು ಪೂರ್ತಿ ಡಿಟರ್ಮಿನೆಂಟ್ ಸೊನ್ನೆ ಆದಾಗ. ಅದರಲ್ಲೂ ಸೊನ್ನೆ ಕೊನೆಯಲ್ಲಿ ಮಾತ್ರ ಬಂದು, ಹಿಂದಿನವೆಲ್ಲ ಪಾಸಿಟಿವ್ ಇದ್ದರೆ ಮತ್ತೆ ಸುಲಭ: ಹಿಂದಿನ ವರ್ಗಗಳೆಲ್ಲ ಪಾಸಿಟಿವ್, ಕೊನೆಯದರ ಸಂಖ್ಯೆ 0, ಖಂಡಿತ ಸೆಮಿಡೆಫಿನೆಟ್.

ಬೆಸಸಂಖ್ಯೆ

ಇದನ್ನು ಪರೀಕ್ಷೆ ಮಾಡೋಕೆ ನನ್ನ ಹತ್ರ ಒಂದು ಲೆಕ್ಕ ಇದೆ. x² + y² + z² + 2a(xy + yz + zx) ಯಾವ a ಗೆ ಪಾಸಿಟಿವ್ ಡೆಫಿನೆಟ್? ಮೈನರ್‌ಗಳು 1, 1 − a², (1 − a)²(1 + 2a). ಎಲ್ಲ ಪಾಸಿಟಿವ್ ಆಗೋಕೆ −1/2 < a < 1. ಅಂಚಿನಲ್ಲಿ, a = −1/2 ಆದಾಗ 1, 3/4, 0, ಅಂದರೆ ಸೊನ್ನೆ ಕೊನೆಯಲ್ಲಿ. ಸೆಮಿಡೆಫಿನೆಟ್ ಅಂತ ಬರೀಬಹುದು. ಆದರೆ a = 1 ಆದಾಗ ಮತ್ತೆ 1, 0, 0! ಅಲ್ಲಿ ರೂಪ ನೇರವಾಗಿ (x + y + z)², ಹಾಗಾಗಿ ಸೆಮಿಡೆಫಿನೆಟ್ಟೇ. ಸರಿ ತಾನೆ?

ಹಳೇಮೇಷ್ಟ್ರು

ಸರಿ. a = 1 ರಲ್ಲಿ ನೀವು ಮೈನರ್ ನಂಬದೆ ರೂಪವನ್ನೇ ನೋಡಿದ್ದು ಇನ್ನೂ ಸರಿ. ಪೈತಾನ್‌ಪಂಡಿತರಿಗೂ ಒಂದು ಮಾತು: ಇಂಥ a ಇರುವ ಲೆಕ್ಕದಲ್ಲಿ ನಿಮ್ಮ eigvalsh ಗೆ ಏನು ಕೊಡ್ತೀರಿ?

ಪೈತಾನ್‌ಪಂಡಿತ

ಸಿಂಪೈ ಇದೆ ಮೇಷ್ಟ್ರೇ 😏 ಈ ಮ್ಯಾಟ್ರಿಕ್ಸ್‌ಗೆ ಐಗನ್‌ವ್ಯಾಲ್ಯೂ ಕೈಯಲ್ಲೇ ಬರುತ್ತೆ, 1 − a ಎರಡು ಸಲ, 1 + 2a ಒಂದು ಸಲ. ನಿಮ್ಮ ಮೂರನೇ ಮೈನರ್ ಅವುಗಳ ಗುಣಲಬ್ಧವೇ. ಐಗನ್‌ವ್ಯಾಲ್ಯೂ ದಾರೀಲಿ a = 1 ಕೂಡ ತೊಂದರೆ ಕೊಡಲ್ಲ: 0, 0, 3. ಮುಗೀತು.

ಹಳೇಮೇಷ್ಟ್ರು

ಸಮಾನತೆ ಇರೋ ಮ್ಯಾಟ್ರಿಕ್ಸ್ ಆದ್ದರಿಂದ ಬಂತು. a, b, c ಬೇರೆಬೇರೆ ಇಟ್ಟು ಘನ ಸಮೀಕರಣ ಬಿಡಿಸಿ ಕೊಡಿ, ಆಮೇಲೆ ಮಾತಾಡೋಣ. ಮೈನರ್ ಅಲ್ಲಿ 1 + 2abc − a² − b² − c² ಅಂತ ಒಂದೇ ಸಾಲು.

ಪೈತಾನ್‌ಪಂಡಿತ

ಪರೀಕ್ಷೆ ಬಿಟ್ಟರೆ a, b, c ಯಾವಾಗಲೂ ಸಂಖ್ಯೆಗಳಾಗೇ ಬರುತ್ತೆ. ನಾನು ಒಪ್ಪಲ್ಲ.

ಇಳಿಜಾರು

ಒಂದು ಅನುಮಾನ. ಎರಡನೇ ಬಿಂದುವಿನಲ್ಲಿ ಹೆಸ್ಸಿಯನ್ ಸೆಮಿಡೆಫಿನೆಟ್ ಅಷ್ಟೇ. ಅದರಿಂದಲೇ «ಕನಿಷ್ಠ» ಅಂತ ಹೇಳಬಹುದಾ? x² + y³ ನಲ್ಲೂ ಮೂಲಬಿಂದುವಿನಲ್ಲಿ ಹೆಸ್ಸಿಯನ್ 2, 0, 0, 0. ಸೆಮಿಡೆಫಿನೆಟ್. ಆದರೆ y ನೆಗೆಟಿವ್ ಕಡೆ ಹೋದರೆ ಇಳಿದುಬಿಡುತ್ತಲ್ಲ?

ಕರ್ಣರೇಖೆ

ಇಡೀ ಚರ್ಚೆಯಲ್ಲಿ ಇದು ಒಳ್ಳೇ ಪ್ರಶ್ನೆ. ಹೇಳಬಾರದು. ಸೆಮಿಡೆಫಿನೆಟ್ ಅಂದರೆ «ಕನಿಷ್ಠ ಆಗಿರಬಹುದು, ಗರಿಷ್ಠ ಆಗೋಕೆ ಸಾಧ್ಯ ಇಲ್ಲ» ಅಷ್ಟೇ (ಪೂರ್ತಿ ಸೊನ್ನೆ ಮ್ಯಾಟ್ರಿಕ್ಸ್ ಬಿಟ್ಟು). ಅಲ್ಲಿಂದ ಮುಂದೆ ಹೆಸ್ಸಿಯನ್ ಕೈಚೆಲ್ಲುತ್ತೆ. ಅರ್ಧಚಂದ್ರ ಅವರ «ಗೊತ್ತಿಲ್ಲ» ನಿಜವಾಗಿ ಸೇರೋ ಜಾಗ ಇದು.

ಬೆಸಸಂಖ್ಯೆಯ ಲೆಕ್ಕದಲ್ಲಿ ಪುಣ್ಯಕ್ಕೆ ಫಂಕ್ಷನ್ನನ್ನೇ ಹೀಗೆ ಬರೀಬಹುದು:

f = (x + y + z)² + (z² − 1/2)² − 1/4

ಎರಡು ವರ್ಗಗಳು, ಆಮೇಲೆ −1/4. ಆದ್ದರಿಂದ f ಎಲ್ಲೂ −1/4 ಕ್ಕಿಂತ ಕೆಳಗೆ ಇಳಿಯಲ್ಲ, ಎರಡನೇ ಬಿಂದುವಿನಲ್ಲಿ ಸರಿಯಾಗಿ −1/4. ಇಡೀ ಜಾಗಕ್ಕೇ ಕನಿಷ್ಠ. ಒಂದೇ ಬಿಂದು ಅಲ್ಲ, x + y = −1/√2, z = 1/√2 ಇರೋ ಪೂರ್ತಿ ಗೆರೆಯ ಮೇಲೂ ಅದೇ ಬೆಲೆ. ಹೆಸ್ಸಿಯನ್‌ನ ಸೊನ್ನೆ ಐಗನ್‌ವ್ಯಾಲ್ಯೂ ಬಂದದ್ದು ಆ ಗೆರೆಯ ದಿಕ್ಕಿನಿಂದ, (1, −1, 0). ಆ ದಿಕ್ಕಿನಲ್ಲಿ f ಕದಲೋದೇ ಇಲ್ಲ.

ಅರ್ಧಚಂದ್ರ

ಸೊನ್ನೆ ದಿಕ್ಕಿನಲ್ಲಿ ನೇರವಾಗಿ ನಡೆದು ನೋಡಿದರೆ ಆಯ್ತಲ್ಲ. ಅಲ್ಲಿ ಏರಿದರೆ ಕನಿಷ್ಠ. x² + y³ ನಲ್ಲಿ y ದಿಕ್ಕಲ್ಲಿ y³, ಸ್ಯಾಡಲ್. x² + y⁴ ನಲ್ಲಿ y⁴, ಕನಿಷ್ಠ. ಸಿಂಪಲ್.

ಹಳೇಮೇಷ್ಟ್ರು

ಆ ಮೋಹಕ್ಕೆ ಬಿದ್ದವರು ಬಹಳ ಜನ. ಪೆಯಾನೊ ಹೆಸರಿನಲ್ಲಿ ಬರುವ ಒಂದು ಉದಾಹರಣೆಯೇ ಇದಕ್ಕೆ ಉತ್ತರ. ಅದರ ಒಂದು ರೂಪ:

f = (y − x²)(y − 3x²)

ಮೂಲಬಿಂದುವಿನಲ್ಲಿ ಹೆಸ್ಸಿಯನ್ 0, 0, 0, 2. ಸೊನ್ನೆ ದಿಕ್ಕು x. ಅಲ್ಲಿ ನೇರ ನಡೆದರೆ 3x⁴, ಏರುತ್ತೆ. ಬೇರೆ ಯಾವ ಸರಳರೇಖೆಯ ಮೇಲೆ ನಡೆದರೂ ಮೂಲಬಿಂದು ಕನಿಷ್ಠವೇ. ಆದರೆ y = 2x² ಅನ್ನೋ ಬಾಗಿದ ದಾರೀಲಿ ಹೋಗಿ: x² · (−x²) = −x⁴. ಇಳಿಯುತ್ತೆ. ಕನಿಷ್ಠ ಅಲ್ಲ.

ಸರಿಯಾದ ಕ್ರಮ ಬೇರೆ. ಹೆಸ್ಸಿಯನ್ ಗಟ್ಟಿಯಾಗಿರೋ ದಿಕ್ಕಿನ ವೇರಿಯಬಲ್ ಯಾವುದು? ಇಲ್ಲಿ y. ಪ್ರತಿ x ಗೂ f ಅನ್ನು ಅತಿ ಕಡಿಮೆ ಮಾಡುವ y ಮೊದಲು ಹುಡುಕಿ. f = y² − 4x²y + 3x⁴ ಆದ್ದರಿಂದ y = 2x². ಅದನ್ನು ಒಳಗೆ ಹಾಕಿದರೆ ಉಳಿಯೋದು −x⁴, x ಒಂದೇ ಇರುವ ಫಂಕ್ಷನ್. ತೀರ್ಪು ಅದರ ಮೇಲೆ ಕೊಡಬೇಕು. x ಅಕ್ಷದ ಮೇಲೆ ನೇರ ನಡೆದು ಸಿಕ್ಕ 3x⁴ ಮೇಲೆ ಅಲ್ಲ.

ಬೆಸಸಂಖ್ಯೆ

ಹಾಗಾದರೆ ಮೂಲಬಿಂದುವಿನಲ್ಲಿ ಹೆಸ್ಸಿಯನ್ ಸಾಕು, ಎರಡನೇ ಬಿಂದುವಿನಲ್ಲಿ ಹೆಸ್ಸಿಯನ್ ಸಾಲದು, f ಅನ್ನೇ ವರ್ಗಗಳಾಗಿ ಬರೆದು ತೋರಿಸಬೇಕು. ಹೀಗೇ ಬರೀತೀನಿ.

ಹಳೇಮೇಷ್ಟ್ರು

ಹೌದು. ಮೂಲಬಿಂದುವಿಗೆ ಆ −4 ಮೈನರ್ ಒಂದೇ ಸಾಲಲ್ಲಿ ತೋರಿಸಿದರೆ ಸಾಕು.

ಲಾಭನಷ್ಟ

ಸೊನ್ನೆ ಐಗನ್‌ವ್ಯಾಲ್ಯೂ ಎರಡು ಇದ್ದರೆ? ಮೇಷ್ಟ್ರ ಕ್ರಮದಲ್ಲಿ ಕೊನೆಗೆ ಎರಡು ವೇರಿಯಬಲ್ ಉಳಿಯುತ್ತಲ್ಲ.

ಕರ್ಣರೇಖೆ

ಉಳಿಯುತ್ತೆ, ಅದರ ಹೆಸ್ಸಿಯನ್ ಪೂರ್ತಿ ಸೊನ್ನೆ ಆಗಿರುತ್ತೆ. ಅಲ್ಲಿ ಮೂರನೇ ಘಾತದ ಪದ ಇದ್ದರೆ ಬಚಾವ್, ಯಾಕಂದ್ರೆ ಚಿಹ್ನೆ ಬದಲಿಸಿದರೆ ಅದೂ ಬದಲಾಗುತ್ತೆ, ನೇರ ಸ್ಯಾಡಲ್. ಇಲ್ಲದಿದ್ದರೆ ನಾಲ್ಕನೇ ಘಾತದ ರೂಪ ಪಾಸಿಟಿವ್ವಾ ನೋಡಬೇಕು, ಅದಕ್ಕೆ ಮೈನರ್ ಥರದ ಸುಲಭದ ಟೆಸ್ಟ್ ನನಗಂತೂ ಕೈಗೆ ಸಿಕ್ಕಿಲ್ಲ.

ತರ್ಲೆತಮ್ಮ

ಅಂದ್ರೆ ನಾಣ್ಯ?

ಪೈತಾನ್‌ಪಂಡಿತ

ಎರಡೇ ವೇರಿಯಬಲ್ ಉಳಿದಿದ್ದರೆ y = tx ಹಾಕಿ, t ನಲ್ಲಿ ನಾಲ್ಕನೇ ಘಾತದ ಪಾಲಿನಾಮಿಯಲ್ ಆಗುತ್ತೆ, ಅದಕ್ಕೆ ರಿಯಲ್ ಮೂಲ ಇದೆಯಾ ನೋಡಿ. x = 0 ದಿಕ್ಕು ಮಾತ್ರ ಬೇರೆಯಾಗಿ ನೋಡಬೇಕು. ಮೂರು ಉಳಿದರೆ ಈ ಉಪಾಯ ನಡೆಯಲ್ಲ.

ಹಳೇಮೇಷ್ಟ್ರು

ಎರಡಕ್ಕೆ ಅದು ಸರಿ. ಆದರೆ ಆ ನಾಲ್ಕನೇ ಘಾತದ್ದೇ ಯಾವುದೋ t ನಲ್ಲಿ ಸೊನ್ನೆ ಮುಟ್ಟಿದರೆ ಮತ್ತೆ ಪೆಯಾನೊ ಕಥೆ ಶುರು. ಲಾಭನಷ್ಟ ಅವರೇ, ನಿಮ್ಮ ಹತ್ರ ಅಂಥ ಲೆಕ್ಕ ನಿಜವಾಗ್ಲೂ ಇದ್ದರೆ ಹಾಕಿ, ಕೂತು ನೋಡೋಣ.